ಬೆನ್ನ ಮೇಲೆ ಕಂಪನಿ ಹೆಸರು, ಮೊಣಕೈ ಮೇಲೆ ಏನೂ ಇಲ್ಲ

ಹೊಸಕೋಟೆ, ಮಾಲೂರು, ಕೋಲಾರದ ಕಡೆಯಿಂದ ಬೈಕಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುವ ನಮ್ಮ ಹುಡುಗರಲ್ಲಿ ಬಹಳ ಮಂದಿಯ ದಾರಿ ಒಂದೇ. ಕೆ.ಆರ್. ಪುರದ ಹ್ಯಾಂಗಿಂಗ್ ಬ್ರಿಡ್ಜ್, ಟಿನ್ ಫ್ಯಾಕ್ಟರಿ, ಅಲ್ಲಿಂದ ಹಳೇ ಮದ್ರಾಸ್ ರಸ್ತೆ ಹಿಡಿದು ಇಂದಿರಾನಗರ, ಹಲಸೂರು, ಶಿವಾಜಿನಗರ. ತಲೆಗೆ ಹೆಲ್ಮೆಟ್ ಇರುತ್ತದೆ, ಯಾಕೆಂದರೆ ಮುಂದಿನ ಸಿಗ್ನಲ್‌ನಲ್ಲಿ ಪೊಲೀಸರು ಇರುತ್ತಾರೆ. ಮೈಮೇಲೆ ಡೆಲಿವರಿ ಕಂಪನಿ ಕೊಟ್ಟ ತೆಳು ಟೀ ಶರ್ಟ್, ಕೈ ಬರಿಗೈ.

ಆ ಟೀ ಶರ್ಟ್ ಕಂಪನಿಯ ಜಾಹೀರಾತು. ಅದನ್ನು ಹಾಕಿಕೊಂಡವನಿಗೆ ಅದರಿಂದ ಯಾವ ರಕ್ಷಣೆಯೂ ಇಲ್ಲ. ಇದನ್ನು ನಾವು ನೇರವಾಗಿಯೇ ಹೇಳುತ್ತೇವೆ. ಜೊತೆಗೆ, ರೈಡಿಂಗ್ ಜಾಕೆಟ್ ಎಂದು ಅಂಗಡಿಗಳಲ್ಲಿ ಮಾರುತ್ತಿರುವುದರಲ್ಲಿ ಎಷ್ಟೋ ಮಾಲು ಆ ಟೀ ಶರ್ಟ್‌ಗಿಂತ ಹೆಚ್ಚೇನೂ ಕಾಪಾಡುವುದಿಲ್ಲ ಎಂಬುದನ್ನೂ ಹೇಳಬೇಕಾಗಿದೆ.

"ಸಿಟಿ ಟ್ರಾಫಿಕ್‌ನಲ್ಲಿ ನಲವತ್ತರಲ್ಲಿ ಹೋಗೋರಿಗೆ ಜಾಕೆಟ್ ಯಾಕೆ, ಅದು ರೇಸ್ ಹುಡುಗರಿಗೆ" ಎನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಗಂಟೆಗೆ 40 ಕಿಲೋಮೀಟರ್ ಎಂದರೆ ಸೆಕೆಂಡಿಗೆ 11 ಮೀಟರ್. ಆ ವೇಗದಲ್ಲಿ ಸ್ಕಿಡ್ ಆಗಿ ಬಿದ್ದ ಮನುಷ್ಯ ಒಣ ಡಾಂಬರಿನ ಮೇಲೆ ಸುಮಾರು 9 ಮೀಟರ್ ಉಜ್ಜಿಕೊಂಡು ಹೋಗಿ ನಿಲ್ಲುತ್ತಾನೆ. ಹಿಡಿಯುವ ಸಮಯ ಎರಡು ಸೆಕೆಂಡಿಗಿಂತ ಕಡಿಮೆ. ಆದರೆ ತೆಳು ಬಟ್ಟೆ ಅಷ್ಟು ಹೊತ್ತು ತಡೆಯುವುದಿಲ್ಲ. ಅದು ಮೊದಲೇ ಹರಿದುಹೋಗುತ್ತದೆ, ಉಳಿದ ದೂರವನ್ನು ಚರ್ಮವೇ ಸವೆಸಬೇಕು. ಮೊಣಕೈ, ಭುಜ, ಸೊಂಟದ ಪಕ್ಕ, ಮಂಡಿ, ಅಂಗೈ ಮೊದಲು ನೆಲಕ್ಕೆ ತಾಗುವ ಜಾಗಗಳು. ಅಂಗೈ ಚರ್ಮ ಕಿತ್ತುಹೋದವನು ವಾರಗಟ್ಟಲೆ ಹ್ಯಾಂಡಲ್ ಹಿಡಿಯಲಾರ. ದಿನಗೂಲಿ ಲೆಕ್ಕದಲ್ಲಿ ದುಡಿಯುವವನ ಮನೆಯಲ್ಲಿ ಅಷ್ಟು ವಾರ ಒಲೆ ಉರಿಯುವುದು ಹೇಗೆ?

ಇನ್ನು ಅಂಗಡಿಯ ಮೋಸಕ್ಕೆ ಬರೋಣ. ಜಾಕೆಟ್ಟಿಗೆ ಎರಡು ಬೇರೆ ಬೇರೆ ಕೆಲಸಗಳಿವೆ. ಬಿದ್ದಾಗ ಬೀಳುವ ಪೆಟ್ಟನ್ನು ತಡೆಯುವುದು ಒಳಗಿನ ಆರ್ಮರ್, ಅಂದರೆ ಭುಜ ಮತ್ತು ಮೊಣಕೈ ಜಾಗದಲ್ಲಿ ಕೂರುವ ದಪ್ಪ ಪ್ಯಾಡ್. ಉಜ್ಜುವುದನ್ನು ತಡೆಯುವುದು ಬಟ್ಟೆ ಮತ್ತು ಹೊಲಿಗೆ. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ಯುರೋಪಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಪರೀಕ್ಷೆಗಳಿವೆ. ಭುಜ, ಮೊಣಕೈಯ ಆರ್ಮರ್‌ಗೆ ಇಎನ್ 1621-1, ಇಡೀ ಜಾಕೆಟ್ಟಿಗೆ ಇಎನ್ 17092. ಅಂಗಡಿಯವರು "ಸಿಇ ಸರ್ಟಿಫೈಡ್ ಸಾರ್" ಎನ್ನುವಾಗ ಹಲವು ಸಲ ಅವರು ತೋರಿಸುವುದು ಪ್ಯಾಡ್ ಮೇಲಿನ ಗುರುತನ್ನು ಮಾತ್ರ. ಬಟ್ಟೆಗೆ ಯಾವ ಪರೀಕ್ಷೆಯೂ ಆಗಿರುವುದಿಲ್ಲ. ರಸ್ತೆಗೆ ಉಜ್ಜಿ ಬಟ್ಟೆ ಹರಿದರೆ, ಅತ್ಯುತ್ತಮ ಪ್ಯಾಡ್ ಕೂಡ ಜೇಬಿನಿಂದ ಜಾರಿ ಆಚೆ ಬೀಳುತ್ತದೆ.

ಹಾಗಾಗಿ ಎರಡು ಗುರುತು ಹುಡುಕಿ. ಜಾಕೆಟ್ ಒಳಗೆ ಹೊಲಿದ ಲೇಬಲ್ ಮೇಲೆ ಇಎನ್ 17092 ಮತ್ತು ಅದರ ದರ್ಜೆ ಇರಬೇಕು. ಎ ದರ್ಜೆಯ ಜಾಕೆಟ್ಟಿನ ಮೊಣಕೈ, ಭುಜದ ಬಟ್ಟೆಯನ್ನು ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಕಾಂಕ್ರೀಟಿಗೆ ಉಜ್ಜಿ ನೋಡಿರುತ್ತಾರೆ, ಎಎ ದರ್ಜೆಯದನ್ನು 70ರಲ್ಲಿ, ಎಎಎ ದರ್ಜೆಯದನ್ನು 120ರಲ್ಲಿ. ಊರೊಳಗಿನ ಓಡಾಟಕ್ಕೆ ಎ ಸಾಕು. ಕೋಲಾರದಿಂದ ಹೈವೇಯಲ್ಲಿ ಬರುವವರಿಗೆ ಎಎ ಬೇಕು. ಬಿ ದರ್ಜೆ ಎಂದರೆ ಬಟ್ಟೆ ಸರಿ, ಆರ್ಮರ್ ಇಲ್ಲ.

ಎರಡನೆಯದು ಪ್ಯಾಡ್. ಜೇಬಿನಿಂದ ಅದನ್ನು ಹೊರಗೆ ತೆಗೆಯಿರಿ. ಅದರ ಮೇಲೆ ಬೈಕ್ ಸವಾರನ ಚಿತ್ರ, ಇಎನ್ 1621 ಸಂಖ್ಯೆ, ಲೆವೆಲ್ 1 ಅಥವಾ 2 ಎಂದು ಅಚ್ಚಾಗಿರಬೇಕು. ಈ ಪರೀಕ್ಷೆಯಲ್ಲಿ 5 ಕಿಲೋ ತೂಕವನ್ನು ಸುಮಾರು ಒಂದು ಮೀಟರ್ ಎತ್ತರದಿಂದ ಪ್ಯಾಡ್ ಮೇಲೆ ಬೀಳಿಸಿ, ಕೆಳಗೆ ಎಷ್ಟು ಪೆಟ್ಟು ದಾಟಿತು ಎಂದು ಅಳೆಯುತ್ತಾರೆ. ಲೆವೆಲ್ 1ರಲ್ಲಿ ಅದು ಸರಾಸರಿ 35 ಕಿಲೋನ್ಯೂಟನ್ ಮೀರಬಾರದು, ಲೆವೆಲ್ 2ರಲ್ಲಿ 20. ಬೆನ್ನಿನ ಜೇಬನ್ನು ಮರೆಯದೆ ನೋಡಿ. ಕಡಿಮೆ ಬೆಲೆಯ ಜಾಕೆಟ್‌ಗಳಲ್ಲಿ ಅಲ್ಲಿ ಪೆಟ್ಟಿಗೆ ಏನೂ ಮಾಡದ ಬರೀ ಸ್ಪಂಜ್ ಇಟ್ಟಿರುತ್ತಾರೆ. ಜಾಕೆಟ್ ತೊಟ್ಟು, ಬೈಕ್ ಹ್ಯಾಂಡಲ್ ಹಿಡಿದಂತೆ ಕೈ ಮುಂದೆ ಚಾಚಿ. ಮೊಣಕೈ ಪ್ಯಾಡನ್ನು ಇನ್ನೊಂದು ಕೈಯಿಂದ ತಿರುಗಿಸಿದಾಗ ಅದು ಪಕ್ಕಕ್ಕೆ ಸರಿದರೆ, ಬಿದ್ದಾಗಲೂ ಸರಿಯುತ್ತದೆ. ಒಂದು ಸೈಜ್ ಚಿಕ್ಕದು ನೋಡಿ.

"600 ಡಿ ಬಟ್ಟೆ" ಎಂಬ ಮಾತಿಗೂ ಮರುಳಾಗಬೇಡಿ. ಡಿ ಎಂದರೆ ಡೀನಿಯರ್, 9,000 ಮೀಟರ್ ನೂಲಿನ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ. ನೂಲು ದಪ್ಪವೋ ತೆಳುವೋ ಎಂದು ಅದು ಹೇಳುತ್ತದೆ. ರಸ್ತೆ ಮೇಲೆ ಎಷ್ಟು ಹೊತ್ತು ತಡೆಯುತ್ತದೆ ಎಂದು ಹೇಳುವುದಿಲ್ಲ.

ಸೆಕೆಯ ದೂರು ಮಾತ್ರ ನಿಜವಾದ ದೂರು. ಏಪ್ರಿಲ್‌ನಲ್ಲಿ ಟಿನ್ ಫ್ಯಾಕ್ಟರಿಯ ಜಾಮ್‌ನಲ್ಲಿ ನಿಂತವನಿಗೆ ಯಾವ ಜಾಕೆಟ್ಟೂ ತಂಪು ಕೊಡುವುದಿಲ್ಲ, ಯಾಕೆಂದರೆ ಜಾಲರಿ ಬಟ್ಟೆಯೊಳಗೆ ಗಾಳಿ ನುಗ್ಗಲು ಬೈಕ್ ಚಲಿಸುತ್ತಿರಬೇಕು. ಆದರೆ ಸೆಕೆಗೆ ಹೆದರಿ ಪೂರ್ತಿ ಜಾಲರಿಯ ಜಾಕೆಟ್ ಕೊಂಡರೆ ಅದು ಬೇಗ ಹರಿಯುತ್ತದೆ. ಎದೆ, ಬೆನ್ನು, ತೋಳಿನ ಒಳಭಾಗದಲ್ಲಿ ಜಾಲರಿ ಇರಲಿ. ಭುಜ, ಮೊಣಕೈ, ತೋಳಿನ ಹೊರಭಾಗದಲ್ಲಿ ಗಟ್ಟಿ ನೇಯ್ಗೆಯೇ ಇರಬೇಕು. ಬಿಸಿಲಲ್ಲಿ ಕೆಲವು ಪ್ಯಾಡ್‌ಗಳು ಮೆತ್ತಗಾಗುತ್ತವೆ. 40 ಡಿಗ್ರಿ ಶಾಖದಲ್ಲೂ ಪರೀಕ್ಷೆ ಪಾಸಾದದ್ದಕ್ಕೆ ಟಿ+ ಎಂಬ ಗುರುತಿರುತ್ತದೆ. ಮಳೆಗೆ ಒಳಗಿನ ಲೈನರ್ ನಂಬಬೇಡಿ, ಹೊರಬಟ್ಟೆ ನೆನೆದು ಭಾರವಾಗುತ್ತದೆ. ಜಾಕೆಟ್ ಮೇಲೆಯೇ ರೇನ್‌ಕೋಟ್ ಹಾಕಿ.

ಒಟ್ಟಿಗೇ ಎರಡಕ್ಕೂ ದುಡ್ಡು ಹೊಂದಿಸಲಾಗದವರು ಮೊದಲು ಗ್ಲೌಸ್ ಕೊಳ್ಳಿ. ಬೀಳುವವರು ತಮಗೆ ಗೊತ್ತಿಲ್ಲದೆಯೇ ಕೈ ಚಾಚುತ್ತಾರೆ. ಅಂಗೈ ನೆಲಕ್ಕೆ ಕಚ್ಚಿಕೊಂಡು ನಿಂತರೆ ದೇಹದ ಭಾರವೆಲ್ಲ ಮಣಿಕಟ್ಟಿನ ಸಣ್ಣ ಮೂಳೆಗಳ ಮೇಲೆ ಬಿದ್ದು ಅವು ಮುರಿಯುತ್ತವೆ. ಒಳ್ಳೆಯ ಗ್ಲೌಸ್‌ನಲ್ಲಿ ಅಂಗೈಯ ಬುಡಕ್ಕೆ ನುಣುಪಾದ ಗಟ್ಟಿ ತುಂಡೊಂದು ಇರುತ್ತದೆ, ಕೈ ಕಚ್ಚಿಕೊಳ್ಳದೆ ಜಾರಲಿ ಎಂದು. ಅಗ್ಗದ ಗ್ಲೌಸ್‌ನಲ್ಲಿ ಗೆಣ್ಣಿನ ಮೇಲೆ ದೊಡ್ಡ ಪ್ಲಾಸ್ಟಿಕ್ ಇರುತ್ತದೆ, ಅಂಗೈಗೆ ಒಂದೇ ಪದರ ತೆಳು ರೆಕ್ಸಿನ್. ಗ್ಲೌಸ್ ತೊಟ್ಟು ಮಣಿಕಟ್ಟಿನ ಪಟ್ಟಿ ಬಿಗಿದು, ಸ್ನೇಹಿತನಿಗೆ ಬೆರಳ ತುದಿ ಹಿಡಿದು ಎಳೆಯಲು ಹೇಳಿ. ಕಳಚಿ ಬಂದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಇದಕ್ಕಿರುವ ಗುರುತು ಇಎನ್ 13594.

ಇಷ್ಟೆಲ್ಲ ಯುರೋಪಿನ ಅಂಕೆ ಯಾಕೆ ಹೇಳಬೇಕಾಯಿತು? ನಮ್ಮ ದೇಶದಲ್ಲಿ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ತಲೆಗೆ ಹೆಲ್ಮೆಟ್ ಕಡ್ಡಾಯ ಮಾಡಿದೆ, ಅದಕ್ಕೆ ಐಎಸ್ 4151 ಎಂಬ ಗುಣಮಟ್ಟವೂ ಇದೆ. ಜಾಕೆಟ್ಟಿಗೆ, ಗ್ಲೌಸ್‌ಗೆ ಹಾಗೆ ಪಾಲಿಸಲೇಬೇಕಾದ ಗುಣಮಟ್ಟವಿಲ್ಲ. ಸ್ಪಂಜ್ ತುಂಬಿ "ಪ್ರೊಟೆಕ್ಷನ್" ಎಂದು ಬರೆದು ಮಾರುವುದು ಅದರಿಂದಲೇ ಇಷ್ಟು ಸುಲಭವಾಗಿದೆ.

ಕಂಪನಿಗಳನ್ನೂ ನಾವು ಸುಮ್ಮನೆ ಬಿಡುವುದಿಲ್ಲ. 2025ರಲ್ಲಿ ಕರ್ನಾಟಕ ಸರ್ಕಾರ ಗಿಗ್ ಕಾರ್ಮಿಕರ ಕಾಯ್ದೆ ತಂದಿತು. ಕಾರ್ಮಿಕರಿಗೆ ಪಾವತಿಸುವ ಮೊತ್ತದ ಮೇಲೆ ಶೇಕಡಾ 1ರಿಂದ 5ರವರೆಗೆ ಕಂಪನಿಗಳಿಂದ ಕಲ್ಯಾಣ ಶುಲ್ಕ ಪಡೆಯಲು ಅದರಲ್ಲಿ ಅವಕಾಶವಿದೆ, ಕಲ್ಯಾಣ ಮಂಡಳಿಯೂ ಇದೆ. ಅಪಘಾತವಾದ ಮೇಲೆ ಪರಿಹಾರ ಕೊಡುವುದು ಸರಿ. ಅದಕ್ಕೂ ಮೊದಲು ಆ ದುಡ್ಡಿನಲ್ಲಿ ಪ್ರತಿ ಬೈಕ್ ಸವಾರನಿಗೆ ಪರೀಕ್ಷೆ ಪಾಸಾದ ಒಂದು ಜೊತೆ ಗ್ಲೌಸ್, ಎ ದರ್ಜೆಯ ಒಂದು ಜಾಲರಿ ಜಾಕೆಟ್ ಕೊಡಲಿ. ಬೆನ್ನ ಮೇಲೆ ತಮ್ಮ ಹೆಸರು ಬೇಕಾದರೆ ಕಂಪನಿಗಳು ಆ ಜಾಕೆಟ್ ಮೇಲೆಯೇ ಬರೆಸಿಕೊಳ್ಳಲಿ.