ನಾಚಿಗಿ ಬ್ಯಾರೆ, ಕಾಳು ಹಾಕೂದು ಬ್ಯಾರೆ

"ಹುಡುಗ ಭಾಳ ನಾಚಿಗಿ ಸ್ವಭಾವದಾಂವ, ಅದಕ ಬರೇ ಲೈಕ್ ಒತ್ತತಾನ" ಅಂತ ನಮ್ಮ ಚಿಗವ್ವಾರು, ವೈನ್ಯಾರು ಹೇಳೂದು ಕೇಳಿ ಕೇಳಿ ನನಗ ಸಾಕಾಗೇತಿ. ನಾಚಿಗಿ ಇದ್ದಾಂವಗ ಇದು ಅವಮಾನ, ಕಾಯೂ ಹುಡುಗಿಗೆ ಮೋಸ. ಇಂಗ್ಲಿಷ್‌ನ್ಯಾಗ ಇದಕ್ಕ ಬ್ರೆಡ್‌ಕ್ರಂಬಿಂಗ್ ಅಂತಾರ. ನಮ್ಮ ಮಾತಿನ್ಯಾಗ ಹೇಳಬೇಕಂದ್ರ ಕೋಳಿಗೆ ಕಾಳು ಹಾಕೂದು: ಹೊಟ್ಟಿ ತುಂಬಂಗಿಲ್ಲ, ಅಂಗಳ ಬಿಟ್ಟೂ ಹೋಗಂಗಿಲ್ಲ.

ಒಂದು ಮಾತು ಒಪ್ಪತೀನಿ. ರೋಣ, ನರಗುಂದದಂಥಾ ಊರಾಗ ಹುಡುಗ-ಹುಡುಗಿ ಇಬ್ರ ನಿಂತು ಮಾತಾಡಿದ್ರ ಮನಿ ಮುಟ್ಟೂದ್ರಾಗ ಸುದ್ದಿ ಮುಟ್ಟಿರತೈತಿ. ಅದಕ "ಭೆಟ್ಟಿ ಆಗೂಣು" ಅನ್ನಲಿಲ್ಲ ಅಂತ ಒಮ್ಮೆಲೇ ತಪ್ಪು ಹೊರಸಬಾರದು. ಅಂಜಿಕಿ ಇಲ್ಲದ ದಾರಿ ತೋರಿಸಿದಾಗ ಏನು ಮಾಡತಾನ, ಅದನ್ನ ನೋಡಬೇಕು.

ನಮ್ಮ ಓಣ್ಯಾಗಿನ ಹುಡುಗಿ ಹಂಗ ಮಾಡಿದ್ಲು. ಗಜೇಂದ್ರಗಡದಾಂವ ಏಳು ತಿಂಗಳ ಆಕಿ ಒಂದು ಫೋಟೋನೂ ಬಿಟ್ಟಿದ್ದಿಲ್ಲ. ಆಕಿ ನೇರ ಬರೆದ್ಲು: "ಐತಾರ ಅಕ್ಕನ ಕೂಡ ಸೀರಿ ತಗೊಳ್ಳಾಕ ನಿಮ್ಮೂರಿಗೆ ಬರ್ತೀನಿ. ಹನ್ನೊಂದಕ್ಕ ಬಸ್‌ಸ್ಟ್ಯಾಂಡ್ ಹತ್ರ ಚಾ ಕುಡಿಯೂಣೇನ್ರಿ?" ದಿನ, ಹೊತ್ತು, ಜಾಗ, ಜೋಡಿಗೆ ಅಕ್ಕ, ಎಲ್ಲಾ ಇತ್ತು. ಉತ್ತರ ಬಂತು: "ನೋಡೂಣು", ಮ್ಯಾಲೊಂದು ಹೃದಯದ ಚಿತ್ರ. ಐತಾರ ಸುಳಿವಿಲ್ಲ. ಬುಧವಾರ ಹಳೇ ಫೋಟೋಕ್ಕ ಲೈಕ್! ಎರಡು ವಾರ ಬಿಟ್ಟು "ನಿಮಗ ಯಾವ ದಿನ ಆಗತೈತಿ ನೀವ ಹೇಳ್ರಿ" ಅಂದ್ಲು. "ಬಿಜಿ ಅದೀನಿ" ಅಂದ, ದಿನ ಹೇಳಲಿಲ್ಲ. ಆಕಿ ಹದಿನೈದು ದಿನ ಸುಮ್ಮನಾದ್ಲು. ಆವಾಗ ತಾನಾಗೇ ಬಂದ: "ಎಲ್ಲಿ, ಕಾಣವಲ್ರಿ?" ಈಕಿ ಉತ್ತರ ಕೊಟ್ಟಕೂಡ್ಲೆ ಮತ್ತ ಮಾಯ. ಕೋಳಿ ಅಂಗಳ ದಾಟತೈತಿ ಅಂದಾಗಷ್ಟ ಕಾಳು ಬೀಳತಾವ. ಇದ ಗುರುತು.

ಖರೇ ನಾಚಿಗಿ ಹೆಂಗಿರತೈತಿ? ನರಗುಂದದ ಇನ್ನೊಬ್ಬ ಹುಡುಗಗ ಇಂಥಾದ ಮಾತು ಹೋದಾಗ ಎರಡು ದಿನ ಉತ್ತರ ಇಲ್ಲ. ಆಮ್ಯಾಲೆ ಬರೆದ: "ಐತಾರ ಆಗಂಗಿಲ್ರಿ, ಗುರುವಾರ ಆಗತೈತಿ. ತಂಗೀನ್ನ ಕರಕೊಂಡು ಬರ್ಲೇನ್ರಿ?" ಬಂದ, ನಾಕು ಮಾತು ಆಡಿದ, ಕಪ್ಪು-ಬಸಿ ನೋಡಕೋತ ಕುಂತ. ನಾಚಿಗಿ ಇದ್ದಾಂವ ತಡಾ ಮಾಡತಾನ, ಬೆವರತಾನ, ಆದ್ರ ಬ್ಯಾರೆ ದಿನ ಹೇಳತಾನ. ಎಲ್ಲಾರ ಮುಂದೂ ಹಂಗ ಇರತಾನ. ಗೆಳ್ಯಾರ ಪೋಸ್ಟಿನ್ಯಾಗ ನಗಿಚಾಟ್ಲಿ ಮಾಡಿ ನಿಮ್ಮ ಮುಂದಷ್ಟ ಮೂಕಾಗೂದು ನಾಚಿಗಿ ಅಲ್ಲ.

ಅದಕ ಎರಡ ಸಲ ಕೇಳ್ರಿ, ನಡಕ ಒಂದೆರಡು ವಾರ ಬಿಡ್ರಿ. ಎರಡೂ ಸಲ ಬ್ಯಾರೆ ದಿನ ಬರಲಿಲ್ಲಂದ್ರ ಮೂರನೇ ಸಲ ಕೇಳಬ್ಯಾಡ್ರಿ. ಅವನ ಮನಸ್ಸಿನ್ಯಾಗ ಏನೈತೋ ಅದು ಅವಗ ಗೊತ್ತು. ನಮಗ ಬೇಕಾದ ಉತ್ತರ ಬಂದಾಗೇತಿ. ಚಿಗವ್ವಾ, ನೀವೂ ಇನ್ನ "ಪಾಪ, ನಾಚತಾನ" ಅಂತ ಆ ಹುಡುಗೀನ್ನ ಮತ್ತೊಂದು ವರ್ಷ ಕಾಯಸಬ್ಯಾಡ್ರಿ.