“ಯಾರ್ಗೂ ಹೇಳ್ಬೇಡ, ಆಯ್ತಾ?” (ಕಟ್ಟೆ ಮಾತು – 7)

ಈ ಮಾತು ಕಿವಿಗೆ ಬಿದ್ದ ತಕ್ಷಣ ನೀವೇನು ಮಾಡ್ತೀರಿ? ಕುರ್ಚಿ ಹತ್ತಿರ ಎಳ್ಕೋತೀರಿ. ನಾನೂ ಅಷ್ಟೇ.

ಹಾಸ್ಟೆಲ್‌ಗೆ ಬಂದ ಮೊದಲ ವಾರ. ನನಗೆ ಯಾರೂ ಗೊತ್ತಿರಲಿಲ್ಲ. ಮೆಸ್‌ನಲ್ಲಿ ಪಕ್ಕ ಕೂತವಳು ಮೆಲ್ಲಗೆ, “ಆ ಮೂಲೆ ರೂಮಿನವಳಿಗೆ ಎಷ್ಟು ಜಂಭ ಅಲ್ವಾ?” ಅಂದಳು. ಆ ಮೂಲೆ ರೂಮಿನವಳ ಜೊತೆ ನಾನು ಒಂದು ಮಾತೂ ಆಡಿರಲಿಲ್ಲ. ಆದ್ರೂ “ಹೌದು ಕಣೇ” ಅಂದೆ. ಊಟ ಮುಗಿಯೋ ಹೊತ್ತಿಗೆ ನಾವಿಬ್ಬರೂ ಫ್ರೆಂಡ್ಸ್!

ಇದು ನನ್ನೊಬ್ಬಳ ಕಥೆ ಅಲ್ಲ. 2006ರಲ್ಲಿ ಜೆನಿಫರ್ ಬಾಸನ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಪ್ರಯೋಗ ಇದೆ. ಬ್ರ್ಯಾಡ್ ಅನ್ನೋ ಹುಡುಗ ಒಬ್ಬಳ ಜೊತೆ ಮಾತಾಡೋ ರೆಕಾರ್ಡಿಂಗನ್ನು ವಿದ್ಯಾರ್ಥಿಗಳಿಗೆ ಕೇಳಿಸಿದರು. ಅವನಲ್ಲಿ ಏನು ಇಷ್ಟವಾಯ್ತು, ಏನು ಇಷ್ಟವಾಗಲಿಲ್ಲ ಅಂತ ಕೇಳಿದರು. ಆಮೇಲೆ, “ನೀವು ಭೇಟಿಯಾಗಲಿರೋ ಅಪರಿಚಿತರಿಗೂ ಹಾಗೇ ಅನ್ನಿಸಿದೆ” ಅಂದರು. ಕೆಲವರಿಗೆ ಹೊಂದಿದ್ದು ಮೆಚ್ಚುಗೆ, ಕೆಲವರಿಗೆ ದೂರು. ಬ್ರ್ಯಾಡ್ ಬಗ್ಗೆ ಗಟ್ಟಿ ಅಭಿಪ್ರಾಯ ಇಲ್ಲದವರಲ್ಲಿ, ದೂರು ಹೊಂದಿದವರಿಗೇ ಆ ಅಪರಿಚಿತರು ಹೆಚ್ಚು ಹತ್ತಿರ ಅನ್ನಿಸಿದರು.

ಗಮನಿಸಿ, ಅವರಿಗೆ ಬ್ರ್ಯಾಡ್ ಮೇಲೆ ದೊಡ್ಡ ಕೋಪವೇನೂ ಇರಲಿಲ್ಲ. ನನಗೂ ಇರಲಿಲ್ಲ. ನನಗೆ ಬೇಕಿದ್ದದ್ದು ಪಕ್ಕ ಕೂತವಳ ಸ್ನೇಹ.

ಹೊಗಳಿಕೆಯನ್ನು ಯಾರ ಮುಂದೆ ಬೇಕಾದ್ರೂ ಹೇಳಬಹುದು. ದೂರನ್ನು ಹಾಗೆ ಹೇಳೋಕಾಗಲ್ಲ, ನೀವು ಹೋಗಿ ಹೇಳಿಬಿಟ್ರೆ ನನ್ನ ಕಥೆ ಮುಗೀತು. ಅದಕ್ಕೇ ಗುಟ್ಟಾಗಿ ದೂರಿದವಳು ನಮ್ಮನ್ನು ನಂಬಿದ್ದಾಳೆ ಅನ್ನಿಸುತ್ತೆ.

ಆದ್ರೆ ಈ ಸ್ನೇಹದ ಬೆಲೆ ಕಟ್ಟಿದವಳು ಮೂರನೆಯವಳು. ಎರಡು ವಾರದಲ್ಲಿ “ಜಂಭದವಳು” ಅನ್ನೋ ಹೆಸರು ಇಡೀ ಮಹಡಿಗೆ ಗೊತ್ತಾಯ್ತು. ಅವಳು ಒಬ್ಬಳೇ ಊಟ ಮಾಡ್ತಿದ್ದಳು. ತುಂಬಾ ತಡವಾಗಿ ಗೊತ್ತಾಗಿದ್ದು: ಅವಳಿಗೆ ಎಡಗಿವಿ ಕೇಳಿಸಲ್ಲ. ಆ ಕಡೆಯಿಂದ “ಹಾಯ್” ಅಂದವರಿಗೆಲ್ಲ ಅವಳು ಜಂಭದವಳಾಗಿ ಕಂಡಿದ್ದಳು. (ಅವಳನ್ನು ಕೇಳಿಯೇ ಇದನ್ನು ಬರೆದಿದ್ದೇನೆ.)

ಹಾಗಂತ ಬೆನ್ನ ಹಿಂದಿನ ಮಾತೆಲ್ಲ ಕೆಟ್ಟದ್ದಾ? ಅಲ್ಲ. “ಆ ಸೀನಿಯರ್‌ಗೆ ದುಡ್ಡು ಕೊಡ್ಬೇಡ, ಜೂನ್‌ನಲ್ಲಿ ನನ್ನಿಂದ 500 ತಗೊಂಡು ಇನ್ನೂ ಕೊಟ್ಟಿಲ್ಲ” ಅನ್ನೋದೂ ಬೆನ್ನ ಹಿಂದಿನ ಮಾತೇ. ಅದು ಹೊಸಬರನ್ನು ಉಳಿಸುತ್ತೆ. ಅದರಲ್ಲಿ ಏನಾಯ್ತು, ಯಾವಾಗ, ಯಾರಿಗೆ ಅನ್ನೋದೆಲ್ಲ ಇದೆ. ಸುಳ್ಳಾದ್ರೆ ಸಿಕ್ಕಿಬೀಳುತ್ತೆ. “ಜಂಭ” ಅನ್ನೋ ಮಾತಿನಲ್ಲಿ ಇದ್ಯಾವುದೂ ಇಲ್ಲ. ಅದನ್ನು ಪರೀಕ್ಷಿಸೋಕೂ ಆಗಲ್ಲ, ಅಲ್ಲಗಳೆಯೋಕೂ ಆಗಲ್ಲ.

ಮುಂದಿನ ಸಲ ಯಾರಾದ್ರೂ ಹೀಗೆ ಶುರು ಮಾಡಿದ್ರೆ, “ನಿನಗೇನು ಮಾಡಿದ್ಲು?” ಅಂತ ಕೇಳಿ ನೋಡಿ. ಉತ್ತರ ಇದ್ರೆ ಪೂರ್ತಿ ಕೇಳಿಸ್ಕೊಳ್ಳಿ. ಇಲ್ಲದಿದ್ರೆ, ಪಾಪ, ಅವಳಿಗೆ ಬೇಕಿರೋದು ಜೊತೆ ಅಷ್ಟೇ. “ನಿಮ್ಮೂರು ಯಾವ್ದು?” ಅಂತ ಕೇಳಿ.

ನಾನು ಮೊನ್ನೆ ಮೂಲೆ ರೂಮಿನವಳ ಬಲಗಡೆ ಕೂತು ಅದನ್ನೇ ಕೇಳಿದೆ.