ತೆರೆಯದ ಇಮೇಲು, ಕೇಳದ ಹಣ

ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಕೊನೆಯ ದಿನ ಹತ್ತಿರ ಬಂದಾಗಲೆಲ್ಲ ಹಿರಿಯರ ಬಾಯಲ್ಲಿ ಒಂದು ಮಾತು ಕೇಳಿಬರುತ್ತದೆ: ಈಗಿನ ಹುಡುಗರಿಗೆ ದಿನವಿಡೀ ಫೋನು ನೋಡಲು ಪುರಸೊತ್ತಿದೆ, ಇಲಾಖೆಯ ಒಂದು ಇಮೇಲು ತೆರೆಯಲು ಇಲ್ಲ, ಇದು ಬರೀ ಸೋಮಾರಿತನ. ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಫ್ರೀಲಾನ್ಸ್ ಕೆಲಸ ಮಾಡುವ ಹುಡುಗ ಹುಡುಗಿಯರು ಬೇರೆ ಗಡುವುಗಳನ್ನು ತಪ್ಪಿಸುವವರಲ್ಲ. ತಪ್ಪಿಸಿದರೆ ಅವರಿಗೆ ಮುಂದಿನ ಕೆಲಸವೇ ಸಿಗುವುದಿಲ್ಲ. ಅಂಥವರು ಇದೊಂದು ಗಡುವನ್ನು ಮಾತ್ರ ಯಾಕೆ ಕಡೆಗಣಿಸುತ್ತಾರೆ ಎಂದು ಕೇಳಿದರೆ ಸಿಗುವ ಉತ್ತರವೇ ಬೇರೆ. ಕಂಪನಿ ಹಣ ಕೊಡುವಾಗಲೇ ತೆರಿಗೆ ಹಿಡಿದುಕೊಂಡಿದೆ, ಅಲ್ಲಿಗೆ ತಮ್ಮ ಕರ್ತವ್ಯ ಮುಗಿಯಿತು ಎಂದು ಅವರು ನಂಬಿದ್ದಾರೆ. ಹಾಗಲ್ಲ ಎಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಸಂಬಳದ ನೌಕರನ ಹಿಂದೆ ಒಂದು ಅಕೌಂಟ್ಸ್ ವಿಭಾಗ ಇರುತ್ತದೆ. ಅವನ ವರ್ಷದ ಆದಾಯ ಎಷ್ಟಾಗಬಹುದು, ಎಷ್ಟು ವಿನಾಯಿತಿ ಸಿಗುತ್ತದೆ ಎಂದು ಲೆಕ್ಕ ಹಾಕಿ, ಅದಕ್ಕೆ ತಕ್ಕಷ್ಟನ್ನೇ ತಿಂಗಳು ತಿಂಗಳೂ ಹಿಡಿಯುತ್ತಾರೆ. ಫ್ರೀಲಾನ್ಸರ್‌ಗೆ ಹಣ ಕೊಡುವ ಕಂಪನಿಗೆ ಅವನ ಒಟ್ಟು ಆದಾಯ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. 1961ರ ಕಾಯ್ದೆಯ 194ಜೆ ಕಲಮಿನ ಪ್ರಕಾರ ವೃತ್ತಿ ಶುಲ್ಕದಲ್ಲಿ ಶೇಕಡಾ 10ನ್ನು ಕಣ್ಣುಮುಚ್ಚಿ ಹಿಡಿದು ಸರ್ಕಾರಕ್ಕೆ ಕಟ್ಟುವುದಷ್ಟೇ ಅದರ ಕೆಲಸ. ನಿಜವಾಗಿ ಕೊಡಬೇಕಾದ ತೆರಿಗೆ ಅದಕ್ಕಿಂತ ಹೆಚ್ಚಿರಬಹುದು, ಕಡಿಮೆ ಇರಬಹುದು, ಏನೂ ಇಲ್ಲದಿರಬಹುದು. ಆ ಲೆಕ್ಕ ಮುಗಿಯುವುದು ರಿಟರ್ನಿನಲ್ಲಿ ಮಾತ್ರ.

ಪುಣೆಯ ಕೋಥ್ರೂಡ್‌ನಲ್ಲಿ ಬಾಡಿಗೆ ಮನೆ ಮಾಡಿಕೊಂಡು ಸಾಫ್ಟ್‌ವೇರ್ ಬರೆಯುವ ಧಾರವಾಡದ ಹುಡುಗಿಯೊಬ್ಬಳ ವಿಷಯ ನನಗೆ ಗೊತ್ತು. 2024ರ ಏಪ್ರಿಲ್‌ನಿಂದ 2025ರ ಮಾರ್ಚ್‌ವರೆಗೆ ಪುಣೆಯ ಒಂದು ಕಂಪನಿಯಿಂದ 6 ಲಕ್ಷ, ಬೆಂಗಳೂರಿನ ಒಂದು ಕಂಪನಿಯಿಂದ 3 ಲಕ್ಷ 60 ಸಾವಿರ ರೂಪಾಯಿ ದುಡಿದಿದ್ದಳು. ಕಂಪನಿಗಳು ತೆರಿಗೆಯೆಂದು ಹಿಡಿದುಕೊಂಡದ್ದು 96 ಸಾವಿರ. ರಿಟರ್ನ್ ಸಲ್ಲಿಸಿ ಎಂಬ ಇಮೇಲುಗಳು ಬೇಸಿಗೆಯಿಂದಲೇ ಬರುತ್ತಿದ್ದವು. ತಂದೆ ಫೋನಿನಲ್ಲಿ ಕೇಳಿದಾಗ ಅವಳ ಉತ್ತರ ಸಿದ್ಧವಿತ್ತು: "ಅಪ್ಪಾ, ಕಂಪನಿಯವರು ಹತ್ತು ಪರ್ಸೆಂಟ್ ಹಿಡಕೊಂಡೇ ರೊಕ್ಕ ಕೊಡ್ತಾರ, ಮತ್ತ ನಾ ಏನು ಕಟ್ಟೂದದ?" ಆದರೂ ಇಷ್ಟೊಂದು ಇಮೇಲು ಬರುತ್ತಿದ್ದುದರಿಂದ ಒಳಗೊಂದು ಅಳುಕು ಇದ್ದೇ ಇತ್ತು. ಏನೋ ಬಾಕಿ ಇರಬೇಕು, ದಂಡ ಹಾಕುತ್ತಾರೇನೋ ಎಂಬ ಆ ಅಳುಕೇ ಇಮೇಲು ತೆರೆಯದಂತೆ ಅವಳನ್ನು ತಡೆಯಿತು.

ಆ ವರ್ಷ ಕೊನೆಯ ದಿನ ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ ಮುಂದೆ ಹೋಗಿತ್ತು. ಸೆಪ್ಟೆಂಬರ್ 13ರ ಶನಿವಾರ ಅವಳು ಕೊನೆಗೂ ಕೂತಳು. ಮೊದಲ ಅಡ್ಡಿ ಪಾಸ್‌ವರ್ಡಿನದು. ಅದನ್ನು ಬದಲಿಸಲು ಬೇಕಾದ ಒಟಿಪಿ ಆಧಾರ್‌ಗೆ ಜೋಡಿಸಿದ್ದ ಸಂಖ್ಯೆಗೆ, ಅಂದರೆ ಧಾರವಾಡದಲ್ಲಿದ್ದ ತಂದೆಯ ಫೋನಿಗೆ ಹೋಗುತ್ತಿತ್ತು. ಅವರು ಫೋನಿನಲ್ಲೇ ಓದಿ ಹೇಳಿದ ಮೇಲೆ ಪೋರ್ಟಲ್ ತೆರೆದುಕೊಂಡಿತು. ಅಲ್ಲಿ ಅವಳು ನೋಡಬೇಕಾಗಿದ್ದುದು ಎರಡು ದಾಖಲೆಗಳು. 26ಎಎಸ್ ಎಂಬುದರಲ್ಲಿ ಯಾರು ಎಷ್ಟು ತೆರಿಗೆ ಹಿಡಿದು ಕಟ್ಟಿದ್ದಾರೆ ಎಂಬ ವಿವರವಿರುತ್ತದೆ. ಎಐಎಸ್ ಎಂದು ಕರೆಯುವ ವಾರ್ಷಿಕ ಮಾಹಿತಿ ಪತ್ರದಲ್ಲಿ ಬ್ಯಾಂಕುಗಳೂ ಕಂಪನಿಗಳೂ ನಮ್ಮ ಬಗ್ಗೆ ಇಲಾಖೆಗೆ ಕೊಟ್ಟ ಇತರ ವರದಿಗಳೂ ಇರುತ್ತವೆ. ಎಐಎಸ್‌ನಲ್ಲಿ ಅವಳು ಮರೆತೇಬಿಟ್ಟಿದ್ದ ಆದಾಯವೊಂದು ಕಂಡಿತು. ತಂದೆ ಅವಳ ಹೆಸರಿನಲ್ಲಿ ಇಟ್ಟಿದ್ದ ಎಫ್‌ಡಿಗೆ 38 ಸಾವಿರ, ಉಳಿತಾಯ ಖಾತೆಗೆ 4 ಸಾವಿರ ಬಡ್ಡಿ ಬಂದಿತ್ತು.

ಇನ್ನು ಲೆಕ್ಕ. ಎಂಜಿನಿಯರಿಂಗ್, ಮಾಹಿತಿ ತಂತ್ರಜ್ಞಾನದಂಥ ಕೆಲವು ನಿರ್ದಿಷ್ಟ ವೃತ್ತಿಗಳವರಿಗೆ 44ಎಡಿಎ ಎಂಬ ಕಲಮಿದೆ. ಒಟ್ಟು ಗಳಿಕೆ 50 ಲಕ್ಷದೊಳಗಿದ್ದರೆ ಅದರ ಅರ್ಧವನ್ನು ಆದಾಯವೆಂದು ತೋರಿಸಿದರೆ ಸಾಕು; ಉಳಿದರ್ಧ ಖರ್ಚು ಎಂದು ಕಾನೂನೇ ಒಪ್ಪಿಕೊಳ್ಳುತ್ತದೆ, ಬಿಲ್ಲು ರಸೀದಿಗಳ ಪುಸ್ತಕ ಇಡಬೇಕಾಗಿಲ್ಲ. ಹೀಗೆ ಅವಳ 9 ಲಕ್ಷ 60 ಸಾವಿರದಲ್ಲಿ ಆದಾಯ 4 ಲಕ್ಷ 80 ಸಾವಿರ, ಬಡ್ಡಿ ಸೇರಿ 5 ಲಕ್ಷ 22 ಸಾವಿರ. ಹೊಸ ಪದ್ಧತಿಯಲ್ಲಿ ಆ ವರ್ಷ 3 ಲಕ್ಷದ ಮೇಲಿನ ಮೊತ್ತಕ್ಕೆ ಶೇಕಡಾ 5ರಂತೆ ಬರುವ ತೆರಿಗೆ 11,100 ರೂಪಾಯಿ. ಆದಾಯ 7 ಲಕ್ಷ ಮೀರದವರಿಗೆ ಆಗ ಸಿಗುತ್ತಿದ್ದ 87ಎ ರಿಯಾಯಿತಿಯಲ್ಲಿ ಅದೂ ಪೂರ್ತಿ ಕಳೆದುಹೋಗುತ್ತದೆ. ಅವಳು ಕೊಡಬೇಕಾದ ತೆರಿಗೆ ಸೊನ್ನೆ. ಸರ್ಕಾರವೇ ಅವಳಿಗೆ 96 ಸಾವಿರ ಮರಳಿಸಬೇಕಿತ್ತು. ತಿಂಗಳುಗಟ್ಟಲೆ ಅವಳು ಹೆದರಿ ದೂರವಿಟ್ಟಿದ್ದು ತನ್ನದೇ ದುಡಿಮೆಯ ಹಣವನ್ನು.

ಈ 44ಎಡಿಎ ಎಲ್ಲ ಫ್ರೀಲಾನ್ಸರ್‌ಗಳಿಗೂ ಸಿಗುವಂಥದ್ದಲ್ಲ. ಅನುವಾದಕರು, ಲೇಖಕರು ಆ ಪಟ್ಟಿಯಲ್ಲಿ ಹೆಸರಿಸಿದವರಲ್ಲ. ಅವರು ತಮಗೆ ಯಾವ ಕಲಮು ಅನ್ವಯಿಸುತ್ತದೆ ಎಂದು ಒಬ್ಬ ಸಿಎಯನ್ನು ಕೇಳಿಯೇ ಮುಂದುವರಿಯಬೇಕು. ನಿಜವಾದ ಲಾಭ ಅರ್ಧಕ್ಕಿಂತ ಹೆಚ್ಚಿದ್ದರೆ ಹೆಚ್ಚನ್ನೇ ತೋರಿಸುವುದು ಪ್ರಾಮಾಣಿಕತೆ.

ತಡ ಮಾಡಿದ್ದರ ಬೆಲೆ ಎಲ್ಲಿದೆ ಎಂಬುದು ಆ ಶನಿವಾರವೇ ಗೊತ್ತಾಯಿತು. 26ಎಎಸ್‌ನಲ್ಲಿ 96 ಸಾವಿರದ ಬದಲು 87 ಸಾವಿರ ಮಾತ್ರ ಕಾಣುತ್ತಿತ್ತು. ಬೆಂಗಳೂರಿನ ಕಂಪನಿ ಜನವರಿಯಿಂದ ಮಾರ್ಚ್‌ವರೆಗಿನ 9 ಸಾವಿರವನ್ನು ಹಿಡಿದು ಕಟ್ಟಿತ್ತು, ಆದರೆ ತನ್ನ ವರದಿಯಲ್ಲಿ ಪ್ಯಾನ್ ಸಂಖ್ಯೆಯ ಒಂದು ಅಕ್ಷರ ತಪ್ಪಾಗಿ ಬರೆದಿತ್ತು. ಇಲಾಖೆಯ ಲೆಕ್ಕದಲ್ಲಿ ಕಾಣದ ಕಡಿತಕ್ಕೆ ರಿಫಂಡ್ ಸಿಗುವುದಿಲ್ಲ. ಆ ವರದಿಯನ್ನು ತಿದ್ದಬೇಕಾದವರು ಕಂಪನಿಯವರೇ. ಆ ತ್ರೈಮಾಸಿಕದ ವರದಿ ಸಲ್ಲಿಸಲು ಕಂಪನಿಗಳಿಗಿರುವ ಗಡುವು ಮೇ 31. ಜೂನ್‌ನಲ್ಲೇ ಒಮ್ಮೆ 26ಎಎಸ್ ನೋಡಿದ್ದರೆ ತಿದ್ದಿಸಲು ಮೂರು ತಿಂಗಳು ಸಿಗುತ್ತಿತ್ತು. ಈಗ ಉಳಿದಿದ್ದು ಎರಡು ದಿನ, ಅದರಲ್ಲಿ ಒಂದು ಭಾನುವಾರ. ಅವಳು ಪೂರ್ತಿ 96 ಸಾವಿರವನ್ನೇ ತೋರಿಸಿ ಐಟಿಆರ್-4 ನಮೂನೆಯನ್ನು 14ರ ರಾತ್ರಿ ಸಲ್ಲಿಸಿದಳು, ಒಟಿಪಿಯಿಂದ ಇ-ವೆರಿಫೈ ಮಾಡಿದಳು. ಮೊದಲು 87 ಸಾವಿರ ಬಂತು. ಕಂಪನಿ ತನ್ನ ವರದಿಯನ್ನು ತಿದ್ದಿದ ಮೇಲೆ ಅವಳು ಪೋರ್ಟಲ್‌ನಲ್ಲೇ ತಿದ್ದುಪಡಿ ಕೋರಿ ಉಳಿದದ್ದನ್ನು ಪಡೆದಳು.

ಅವಳು ಆ ಎರಡು ದಿನವನ್ನೂ ಕಳೆದುಕೊಂಡಿದ್ದರೆ? ಡಿಸೆಂಬರ್ 31ರವರೆಗೆ ತಡವಾದ ರಿಟರ್ನ್ ಸಲ್ಲಿಸಬಹುದಿತ್ತು, ಶುಲ್ಕದೊಂದಿಗೆ. ಆದಾಯ 5 ಲಕ್ಷದೊಳಗಿದ್ದರೆ ಆ ಶುಲ್ಕ ಒಂದು ಸಾವಿರ, ಮೀರಿದರೆ ಐದು ಸಾವಿರ. ಮರೆತುಹೋಗಿದ್ದ ಎಫ್‌ಡಿ ಬಡ್ಡಿಯೇ ಅವಳನ್ನು ಆ ಗೆರೆ ದಾಟಿಸುತ್ತಿತ್ತು. ಸಮಯಕ್ಕೆ ಸಲ್ಲಿಸಿದವರಿಗೆ ರಿಫಂಡ್ ಮೇಲೆ ಏಪ್ರಿಲ್ 1ರಿಂದಲೇ ತಿಂಗಳಿಗೆ ಶೇಕಡಾ ಅರ್ಧದಂತೆ ಬಡ್ಡಿ ಸೇರುತ್ತದೆ. ತಡ ಮಾಡಿದವರಿಗೆ ಸಲ್ಲಿಸಿದ ದಿನದಿಂದ ಮಾತ್ರ. ಇವು ತಡೆದುಕೊಳ್ಳಬಹುದಾದ ನಷ್ಟಗಳು. ಡಿಸೆಂಬರ್ 31 ದಾಟಿದ ಮೇಲಿನದು ಹಾಗಲ್ಲ. ಆಮೇಲೆ ಉಳಿಯುವುದು ಅಪ್‌ಡೇಟೆಡ್ ರಿಟರ್ನ್ ಎಂಬ ಅವಕಾಶ. ಅದರಲ್ಲಿ ಹೆಚ್ಚು ತೆರಿಗೆ ಕಟ್ಟಬಹುದೇ ಹೊರತು ರಿಫಂಡ್ ಕೇಳುವಂತಿಲ್ಲ. ರಿಫಂಡ್ ಬೇಕೆಂದರೆ ತಡವನ್ನು ಮನ್ನಿಸಿ ಎಂದು ಹಿರಿಯ ಅಧಿಕಾರಿಗಳಿಗೆ ಅರ್ಜಿ ಹಾಕಿ, ಅವರಿಗೆ ಕಾರಣ ಒಪ್ಪಿಗೆಯಾಗುವ ತನಕ ಕಾಯಬೇಕು. ಅವರು ಒಪ್ಪದಿದ್ದರೆ, ಒಂದು ಪೈಸೆ ತೆರಿಗೆಯನ್ನೂ ಕೊಡಬೇಕಾಗಿಲ್ಲದವಳು 96 ಸಾವಿರಕ್ಕೆ ಎರವಾಗುತ್ತಿದ್ದಳು.

ಇಮೇಲು ತೆರೆಯದಿರುವುದೇ ಜಾಣತನ ಎನ್ನುವವರೂ ಇದ್ದಾರೆ. ಅವರ ಮಾತನ್ನು ನಾನು ಗೌರವದಿಂದ ಕೇಳುತ್ತೇನೆ. ತೆರಿಗೆ ಇಲಾಖೆಯ ಹೆಸರಿನಲ್ಲಿ, ರಿಫಂಡಿನ ಆಸೆ ತೋರಿಸಿ, ಬ್ಯಾಂಕ್ ಖಾತೆ ಬರಿದು ಮಾಡುವ ವಂಚಕರಿದ್ದಾರೆ. ಗುರುತಿಲ್ಲದ ಕೊಂಡಿ ಒತ್ತಬೇಡ ಎಂದು ಮಕ್ಕಳಿಗೆ ಕಲಿಸಿದವರು ನಾವೇ. ಆದರೆ ಒತ್ತದಿರುವುದು ಬೇರೆ, ಓದದಿರುವುದು ಬೇರೆ. ಇಮೇಲಿನಲ್ಲಿರುವ ಕೊಂಡಿಯನ್ನು ಬಿಟ್ಟು, ಬ್ರೌಸರಿನಲ್ಲಿ ತಾನೇ incometax.gov.in ಎಂದು ಟೈಪ್ ಮಾಡಿ ಒಳಹೊಕ್ಕರೆ, ನಿಜವಾದ ನೋಟಿಸು ಇದ್ದರೆ ಅಲ್ಲಿಯೂ ಕಾಣುತ್ತದೆ. 2019ರ ಅಕ್ಟೋಬರ್‌ನಿಂದ ಇಲಾಖೆಯ ನೋಟಿಸು, ಆದೇಶಗಳಿಗೆ ಡಿಐಎನ್ ಎಂಬ ಗುರುತಿನ ಸಂಖ್ಯೆ ಇರಬೇಕು. ಲಾಗಿನ್ ಆಗದೆಯೇ ಪೋರ್ಟಲ್‌ನ ಮುಖಪುಟದಿಂದ ಆ ಸಂಖ್ಯೆ ಅಸಲಿಯೇ ಎಂದು ಪರೀಕ್ಷಿಸಬಹುದು.

ಹೇಗೂ ದಿನಾಂಕ ಮುಂದೆ ಹಾಕುತ್ತಾರೆ ಎಂಬ ನಂಬಿಕೆಗೂ ಆಧಾರವಿಲ್ಲದಿಲ್ಲ. 2025ರಲ್ಲಿ ಆರು ವಾರ ಮುಂದೆ ಹಾಕಿದ್ದಲ್ಲದೆ ಕೊನೆಯ ರಾತ್ರಿ ಇನ್ನೂ ಒಂದು ದಿನ ಕೊಟ್ಟರು. ಆದರೆ 2022, 2023, 2024ರಲ್ಲಿ ಇಂಥ ಫ್ರೀಲಾನ್ಸರ್‌ಗಳಿಗೆಲ್ಲ ಜುಲೈ 31 ಎಂದರೆ ಜುಲೈ 31 ಆಗಿಯೇ ಉಳಿಯಿತು. ರಸ್ತೆಯ ಗುಂಡಿ ಮುಚ್ಚದ ಸರ್ಕಾರಕ್ಕೆ ನಾನೇಕೆ ಲೆಕ್ಕ ಕೊಡಲಿ ಎನ್ನುವವರು ತಮ್ಮ ಹಣವನ್ನೇ ಆ ಸರ್ಕಾರದ ಬಳಿ ಬಿಟ್ಟು ಬರುತ್ತಿದ್ದಾರೆ, ಅಷ್ಟೇ.

ತಪ್ಪು ಯಾರದು ಎಂದು ಕೇಳಿದರೆ ನಾನು ಮೊದಲು ಬೊಟ್ಟು ಮಾಡುವುದು ಹಣ ಕೊಡುವ ಕಂಪನಿಗಳತ್ತ. ತೆರಿಗೆ ಹಿಡಿಯಲು ಮರೆಯದವರು, ಹಿಡಿದದ್ದಕ್ಕೆ ಪ್ರಮಾಣವಾಗಿ ಕೊಡಬೇಕಾದ 16ಎ ನಮೂನೆಯನ್ನು ಬಹಳ ಸಲ ಕೇಳಿದ ಮೇಲಷ್ಟೇ ಕಳಿಸುತ್ತಾರೆ. ಇದು ನಿನ್ನ ಹಣ, ರಿಟರ್ನಿನಲ್ಲಿ ಕೇಳಿ ಪಡೆ ಎಂಬ ಒಂದು ಸಾಲನ್ನು ಅದರ ಜೊತೆಗೆ ಬರೆಯಲು ಅವರಿಗೆ ಖರ್ಚೇನೂ ಇಲ್ಲ. ಎರಡನೆಯ ತಪ್ಪು ನಮ್ಮ ಎಂಜಿನಿಯರಿಂಗ್ ಕಾಲೇಜುಗಳದ್ದು. ನಾಲ್ಕು ವರ್ಷ ಕಲಿಸಿ, ಸ್ವಂತ ದುಡಿಮೆಯ ಲೆಕ್ಕ ಹೇಗೆ ಒಪ್ಪಿಸಬೇಕೆಂದು ಒಂದು ಗಂಟೆಯೂ ಹೇಳದೆ ಅವು ಮಕ್ಕಳನ್ನು ಹೊರಗೆ ಕಳಿಸುತ್ತವೆ. ಮಹಾರಾಷ್ಟ್ರದಲ್ಲಿ ಸ್ವಂತ ವೃತ್ತಿ ಮಾಡುವವರು ವರ್ಷಕ್ಕೆ 2,500 ರೂಪಾಯಿ ವೃತ್ತಿ ತೆರಿಗೆಯನ್ನೂ ತಾವೇ ಹೆಸರು ನೋಂದಾಯಿಸಿ ಕಟ್ಟಬೇಕು ಎಂಬುದು ಈ ಹುಡುಗಿಗೆ ಗೊತ್ತಾದದ್ದೂ ಆ ಸೆಪ್ಟೆಂಬರಿನಲ್ಲೇ.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಕಲಮುಗಳ ಸಂಖ್ಯೆಗಳು ಬದಲಾಗಿವೆ. ಆದರೆ ಫ್ರೀಲಾನ್ಸರ್‌ಗೆ ಅಕೌಂಟ್ಸ್ ವಿಭಾಗವಿಲ್ಲ ಎಂಬ ಸ್ಥಿತಿ ಬದಲಾಗಿಲ್ಲ. ಆ ಕೆಲಸವನ್ನು ಅವನೇ ಮಾಡಬೇಕು, ಇಲ್ಲವೇ ಹಣ ಕೊಟ್ಟು ಒಬ್ಬ ಸಿಎಯಿಂದ ಮಾಡಿಸಬೇಕು. ಅದಕ್ಕಾಗುವ ಖರ್ಚನ್ನು ತನ್ನ ಶುಲ್ಕದಲ್ಲಿ ಮೊದಲೇ ಸೇರಿಸಿಕೊಳ್ಳುವುದು ನ್ಯಾಯ. ಜೂನ್‌ನಲ್ಲಿ ಒಂದು ಸಂಜೆ ಕೂತು, ಬ್ಯಾಂಕಿಗೆ ಬಂದ ಹಣವನ್ನೂ 26ಎಎಸ್ ತೋರಿಸುವ ಹಣವನ್ನೂ ಸಾಲು ಸಾಲಾಗಿ ಹೊಂದಿಸಿ ನೋಡಿದರೆ ಮುಕ್ಕಾಲು ಕೆಲಸ ಮುಗಿಯುತ್ತದೆ. ಆ ಸಂಜೆ ಏನು ಮಾಡಬೇಕೆಂದು ಹೇಳಿಕೊಡದೆ ಮಕ್ಕಳನ್ನು ಸೋಮಾರಿಗಳೆಂದು ಜರೆಯುವ ಹಕ್ಕು ನಮಗಿಲ್ಲ.